ಜೂನ್ ಒಂದರ ಪಕ್ಕದಲ್ಲಿ ಜುಲೈ ಒಂದು: ಪಠ್ಯವಾಗಿ ಉಳಿದ ದಿನಾಂಕಗಳನ್ನು ಸರಿಪಡಿಸುವ ಕ್ರಮ

ಶಿರಸಿ ಸೀಮೆಯ ಅನೇಕ ಅಡಕೆ ಬೆಳೆಗಾರರ ಮನೆಯಂಗಳದಲ್ಲಿ ಮಳೆ ಮಾಪಕವೊಂದು ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಅಳೆದು, ದಿನಾಂಕ ಮತ್ತು ಮಿಲಿಮೀಟರನ್ನು ಪುಸ್ತಕದಲ್ಲಿ ಬರೆದಿಡುವುದು ರೂಢಿ. ಈ ಲೆಕ್ಕವನ್ನು ಈಚೆಗೆ ಮೊಬೈಲಿನಲ್ಲೋ ಸ್ಪ್ರೆಡ್‌ಶೀಟಿನಲ್ಲೋ ತುಂಬುವವರು ಹೆಚ್ಚಾಗಿದ್ದಾರೆ. ಅಡಕೆಯ ಕೊಳೆ ರೋಗಕ್ಕೆ ಎರಡನೆಯ ಬಾರಿ ಬೋರ್ಡೋ ದ್ರಾವಣ ಹೊಡೆಯಲು ಹಿಂದಿನ ವರ್ಷಗಳಲ್ಲಿ ಯಾವಾಗ ಮಳೆ ಬಿಟ್ಟು ಹೊಳವಾಗಿತ್ತು ಎಂದು ನೋಡುವುದಕ್ಕೆ ಇಂಥ ಲೆಕ್ಕದ ಗ್ರಾಫ್ ಬಹಳ ಉಪಯೋಗಿ. ಆದರೆ ಗ್ರಾಫ್ ತೆರೆದಾಗ ಜೂನ್‌ನಲ್ಲಿ ಏರಿ, ಜುಲೈಯಲ್ಲಿ ತುಂಬಿ, ಸೆಪ್ಟೆಂಬರ್ ಹೊತ್ತಿಗೆ ಇಳಿಯಬೇಕಾದ ಆಕಾರದ ಬದಲು, ಉದ್ದಕ್ಕೂ ಗರಗಸದ ಹಲ್ಲಿನಂತೆ ಏರಿಳಿಯುವ ಗೆರೆ ಕಂಡರೆ, ದೋಷ ಮಳೆಯದ್ದಲ್ಲ, ಅಳತೆಯದ್ದೂ ಅಲ್ಲ. ದಿನಾಂಕಗಳು ದಿನಾಂಕಗಳಾಗಿ ಉಳಿಯದೆ ಬರಿಯ ಅಕ್ಷರಗಳಾಗಿ ಕುಳಿತಿವೆ, ಅಷ್ಟೆ.

ಈ ಬರಹದಲ್ಲಿ ಅಂಥ ಒಂದು ಮನೆಯ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. 2024ರ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ದಿನಕ್ಕೊಂದು ಸಾಲಿನಂತೆ ಒಟ್ಟು 122 ಸಾಲುಗಳಿವೆ. ಮೊದಲನೆಯ ಕಾಲಂ ಆದ A ಯಲ್ಲಿ ದಿನಾಂಕವು ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿದೆ; ಪಕ್ಕದಲ್ಲಿ ಮಳೆಯ ಪ್ರಮಾಣವಿದೆ. ಮೊದಲ ಸಾಲು ಶೀರ್ಷಿಕೆಯಾದ್ದರಿಂದ ದತ್ತಾಂಶವು A2ರಿಂದ A123ರವರೆಗೆ ಇದೆ.

## ಕ್ರಮ ತಪ್ಪುವುದು ಹೇಗೆ

ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಈ ಮೂರರಲ್ಲಿಯೂ ನಿಜವಾದ ದಿನಾಂಕ ಎಂದರೆ ಒಂದು ಸಂಖ್ಯೆ. 2024ರ ಜೂನ್ 15 ಎಂಬುದು ಸೆಲ್‌ನ ಒಳಗೆ 45458 ಎಂದು ಕುಳಿತಿರುತ್ತದೆ, ಮರುದಿನ 45459. ನಮಗೆ ತೋರುವ 15-06-2024 ಎಂಬುದು ಆ ಸಂಖ್ಯೆಗೆ ತೊಡಿಸಿದ ರೂಪ ಮಾತ್ರ. ಸಂಖ್ಯೆಯಾಗಿರುವುದರಿಂದಲೇ ಎರಡು ದಿನಾಂಕಗಳ ನಡುವೆ ಎಷ್ಟು ದಿನಗಳ ಅಂತರವಿದೆ ಎಂದು ಗ್ರಾಫ್‌ಗೆ ತಿಳಿಯುತ್ತದೆ.

ಅದೇ 15-06-2024 ಎಂಬುದು ಪಠ್ಯವಾಗಿ ಕುಳಿತಿದ್ದರೆ ಅದರೊಳಗೆ ಹತ್ತು ಚಿಹ್ನೆಗಳ ಸಾಲನ್ನು ಬಿಟ್ಟು ಬೇರೇನೂ ಇಲ್ಲ. ಪಠ್ಯವನ್ನು ವಿಂಗಡಿಸುವಾಗ ಎಡದಿಂದ ಒಂದೊಂದೇ ಚಿಹ್ನೆಯನ್ನು ಹೋಲಿಸಲಾಗುತ್ತದೆ. ಹಾಗಾಗಿ ಮೊದಲು ಬರುವ ದಿನದ ಅಂಕಿಯೇ ಎಲ್ಲವನ್ನೂ ನಿರ್ಧರಿಸುತ್ತದೆ, ತಿಂಗಳು ಆಮೇಲಿನದ್ದು, ವರ್ಷ ಕೊನೆಯದ್ದು. ನಮ್ಮ 122 ಸಾಲುಗಳು ಆಗ ಹೀಗೆ ನಿಲ್ಲುತ್ತವೆ:

```
01-06-2024
01-07-2024
01-08-2024
01-09-2024
02-06-2024
02-07-2024
...
31-07-2024
31-08-2024
```

ಕೊನೆಯಲ್ಲಿ ಸೆಪ್ಟೆಂಬರ್ 30 ಇರಬೇಕಿತ್ತು, ಆದರೆ ಆಗಸ್ಟ್ 31 ಬಂದಿದೆ. ಅಕ್ಷದ ಮೊದಲ ಎರಡು ಗುರುತುಗಳನ್ನೂ ಕೊನೆಯ ಗುರುತನ್ನೂ ನೋಡಿದರೆ ಸಾಕು, ಕಾಯಿಲೆ ಯಾವುದೆಂದು ಅಲ್ಲಿಯೇ ತಿಳಿಯುತ್ತದೆ. ನಾಲ್ಕು ತಿಂಗಳ ಒಂದನೆಯ ತಾರೀಖುಗಳು ಒಟ್ಟಿಗೆ ನಿಂತಿರುವುದರಿಂದ ಜುಲೈಯ ದೊಡ್ಡ ಮಳೆಯೂ ಸೆಪ್ಟೆಂಬರ್‌ನ ಸಣ್ಣ ಮಳೆಯೂ ಪಕ್ಕಪಕ್ಕದಲ್ಲಿ ಬಂದು ಹಲ್ಲುಗಳು ಮೂಡುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ಪ್ರೆಡ್‌ಶೀಟಿನ ಸಾಧಾರಣ ಗ್ರಾಫ್ ತಾನಾಗಿ ಅಕಾರಾದಿ ಕ್ರಮಕ್ಕೆ ಹೋಗುವುದಿಲ್ಲ. ಪಠ್ಯದ ಗುರುತುಗಳನ್ನು ಸಾಲುಗಳು ಇರುವ ಕ್ರಮದಲ್ಲಿಯೇ ಇಡುತ್ತದೆ. ಹೀಗಾಗಿ ದಿನಕ್ಕೊಂದರಂತೆ ಕ್ರಮವಾಗಿ ತುಂಬಿದ ಶೀಟಿನಲ್ಲಿ ಗ್ರಾಫ್ ಸರಿಯಾಗಿಯೇ ಇದೆಯೆಂದು ತೋರಬಹುದು. ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಟೇಬಲ್ ಮಾಡಿದ ಕೂಡಲೇ ಅದು ತನ್ನ ಗುರುತುಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ, ಆಗ ಮುಚ್ಚಿಹೋಗಿದ್ದ ದೋಷ ಹೊರಬೀಳುತ್ತದೆ. ಆದ್ದರಿಂದ ‘ನಿನ್ನೆಯವರೆಗೆ ಸರಿ ಇತ್ತು’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳೇನಲ್ಲ, ಆದರೆ ದಿನಾಂಕಗಳು ನಿನ್ನೆಯೂ ಪಠ್ಯವೇ ಆಗಿದ್ದವು.

ತಿಂಗಳ ಹೆಸರುಗಳನ್ನು ಬರೆದಿಟ್ಟವರಿಗೂ ಇದೇ ಪಾಡು. ಕನ್ನಡದಲ್ಲಿ ಬರೆದ ನಾಲ್ಕು ಮಳೆಗಾಲದ ತಿಂಗಳುಗಳು ಆಗಸ್ಟ್, ಜುಲೈ, ಜೂನ್, ಸೆಪ್ಟೆಂಬರ್ ಎಂದು ನಿಲ್ಲುತ್ತವೆ. ಇಂಗ್ಲಿಷ್ ತಿಂಗಳ ಹೆಸರುಗಳಿಗೆ ಎಕ್ಸೆಲ್‌ನಲ್ಲಿ ಸಿದ್ಧ ಪಟ್ಟಿಯೊಂದು ಇರುವುದರಿಂದ ಪಿವಟ್ ಟೇಬಲ್ ಅವುಗಳನ್ನು ಸರಿಯಾದ ಕ್ರಮದಲ್ಲಿ ಇಡುತ್ತದೆ. ಕನ್ನಡದ ಹೆಸರುಗಳ ಪಟ್ಟಿಯನ್ನು ನಾವೇ ಸೇರಿಸಬೇಕಾಗುತ್ತದೆ.

## ಮುಟ್ಟುವ ಮೊದಲು

ಮೂಲ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ. ಅನಂತರ ಶೀಟಿನ ಬಲ ತುದಿಯಲ್ಲಿ ಒಂದು ಕಾಲಂ ಸೇರಿಸಿ, 1ರಿಂದ 122ರವರೆಗೆ ಕ್ರಮಸಂಖ್ಯೆ ಹಾಕಿ. ಪುಸ್ತಕದಲ್ಲಿ ದಿನಗಳು ಬಂದ ಕ್ರಮವೇ ಮುಂದೆ ನಮ್ಮ ಅತಿ ಬಲವಾದ ಸಾಕ್ಷಿಯಾಗುವುದರಿಂದ, ಅದು ಕಳೆದುಹೋಗದಂತೆ ಮೊದಲೇ ಕಟ್ಟಿಡಬೇಕು. ದುರಸ್ತಿ ಮುಗಿಯುವವರೆಗೆ ವಿಂಗಡಣೆಯ ಗುಂಡಿಯನ್ನು ಒತ್ತಲೇಬಾರದು.

## ಮೊದಲ ಹಂತ: ಏನಿದೆ ಎಂದು ಎಣಿಸುವುದು

ಕಣ್ಣಿಗೆ ಕಾಣುವ ಸುಳಿವು ಒಂದಿದೆ. ಹೊಂದಾಣಿಕೆಯನ್ನು ಯಾರೂ ಬದಲಿಸದಿದ್ದರೆ ಪಠ್ಯವು ಸೆಲ್‌ನ ಎಡಕ್ಕೆ, ಸಂಖ್ಯೆಯು ಬಲಕ್ಕೆ ಅಂಟಿಕೊಳ್ಳುತ್ತದೆ. ಆದರೆ ನಡುವಿಗೆ ಹೊಂದಿಸಿದ ಶೀಟಿನಲ್ಲಿ ಈ ಸುಳಿವು ಅಳಿಸಿಹೋಗಿರುತ್ತದೆ, ಆದ್ದರಿಂದ ಎಣಿಕೆಯನ್ನೇ ನಂಬುವುದು ಲೇಸು. ಖಾಲಿ ಸೆಲ್‌ಗಳಲ್ಲಿ ಈ ಎರಡು ಸೂತ್ರಗಳನ್ನು ಬರೆಯಿರಿ:

```
=COUNTA(A2:A123)
=COUNT(A2:A123)
```

ಮೊದಲನೆಯದು ತುಂಬಿದ ಎಲ್ಲ ಸೆಲ್‌ಗಳನ್ನು ಎಣಿಸುತ್ತದೆ, ಎರಡನೆಯದು ಸಂಖ್ಯೆ ಇರುವ ಸೆಲ್‌ಗಳನ್ನು ಮಾತ್ರ. ಮೊದಲನೆಯದು 122, ಎರಡನೆಯದು 0 ಬಂದರೆ ಎಲ್ಲವೂ ಪಠ್ಯ. ಇದು ಸುಲಭದ ಸ್ಥಿತಿ. ಎರಡೂ 122 ಬಂದರೆ ಎಲ್ಲವೂ ದಿನಾಂಕಗಳೇ ಆಗಿದ್ದು, ದೋಷ ಬೇರೆಲ್ಲೋ ಇದೆ. ಎರಡನೆಯದು 48 ಎಂದು ಬಂದರೆ ಮಾತ್ರ ನಿಜಕ್ಕೂ ಎಚ್ಚರದಿಂದಿರಬೇಕು, ಅದರ ವಿಚಾರ ಮುಂದೆ ವಿವರವಾಗಿ ಬರುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ಕೆಲಸವೆಂದರೆ ಕಾಲಂ ಪೂರ್ತಿ ಆಯ್ದು, ಫಾರ್ಮ್ಯಾಟ್ ಅನ್ನು Date ಎಂದು ಬದಲಿಸುವುದು. ಅದರಿಂದ ಏನೂ ಆಗುವುದಿಲ್ಲ. ಫಾರ್ಮ್ಯಾಟ್ ಸಂಖ್ಯೆಯೊಂದನ್ನು ಹೇಗೆ ತೋರಿಸಬೇಕು ಎಂದಷ್ಟೇ ಹೇಳುತ್ತದೆ, ಪಠ್ಯವನ್ನು ಸಂಖ್ಯೆಯಾಗಿ ಮಾಡುವ ಶಕ್ತಿ ಅದಕ್ಕಿಲ್ಲ.

## ಎರಡನೆಯ ಹಂತ: ಎಲ್ಲವೂ ಪಠ್ಯವಾಗಿದ್ದಾಗ

ಎಕ್ಸೆಲ್‌ನಲ್ಲಿ ಇದಕ್ಕೆ ಹತ್ತಿರದ ದಾರಿಯಿದೆ. ದಿನಾಂಕದ ಕಾಲಂ ಆಯ್ದು `Data` ಪಟ್ಟಿಯ `Text to Columns` ತೆರೆಯಿರಿ. `Delimited` ಇರಿಸಿ ಮುಂದೆ ಹೋಗಿ, ಎರಡನೆಯ ಪರದೆಯಲ್ಲಿ ಎಲ್ಲ ಗುರುತುಗಳನ್ನೂ ತೆಗೆಯಿರಿ, ಮೂರನೆಯ ಪರದೆಯಲ್ಲಿ `Date` ಆಯ್ದು ಪಕ್ಕದಲ್ಲಿ `DMY` ಎಂದು ಹೇಳಿ ಮುಗಿಸಿ. `DMY` ಎಂದರೆ ಫಲಿತಾಂಶ ಹೇಗೆ ಕಾಣಬೇಕು ಎಂಬುದಲ್ಲ, ಈಗ ಇರುವ ಪಠ್ಯದಲ್ಲಿ ದಿನ, ತಿಂಗಳು, ವರ್ಷ ಯಾವ ಕ್ರಮದಲ್ಲಿವೆ ಎಂಬುದು. ಇದನ್ನು ತಲೆಕೆಳಗಾಗಿ ತಿಳಿದುಕೊಂಡು ತಪ್ಪು ಆಯ್ಕೆ ಮಾಡುವುದು ಸಾಮಾನ್ಯ.

ಗೂಗಲ್ ಶೀಟ್ಸ್‌ನಲ್ಲಿ ಈ ಆಯ್ಕೆ ಇಲ್ಲ, ಅಲ್ಲಿ ಸೂತ್ರವನ್ನೇ ಬಳಸಬೇಕು. ನನಗೆ ಎಕ್ಸೆಲ್‌ನಲ್ಲಿಯೂ ಸೂತ್ರದ ದಾರಿಯೇ ಮೇಲೆನಿಸುತ್ತದೆ, ಏಕೆಂದರೆ ಮೂಲ ಪಠ್ಯ ಪಕ್ಕದಲ್ಲಿಯೇ ಉಳಿದು, ಏನು ಯಾವುದಾಗಿ ಬದಲಾಯಿತು ಎಂದು ಸಾಲು ಸಾಲಾಗಿ ಹೋಲಿಸಬಹುದು. ಆದರೆ ಸೂತ್ರ ಬರೆಯುವ ಮೊದಲು ಪಠ್ಯವನ್ನು ಚೊಕ್ಕಟ ಮಾಡಬೇಕಾಗುತ್ತದೆ. ವಾಟ್ಸಾಪ್ ಸಂದೇಶದಿಂದ ನಕಲು ಮಾಡಿ ಅಂಟಿಸಿದ ದಿನಾಂಕಗಳಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗಗಳಿರಬಹುದು. ಒಬ್ಬರು ಅಡ್ಡಗೆರೆ ಹಾಕಿದರೆ ಇನ್ನೊಬ್ಬರು ಚುಕ್ಕಿ ಇಡುತ್ತಾರೆ, ಮತ್ತೊಬ್ಬರು ಓರೆಗೆರೆ ಎಳೆಯುತ್ತಾರೆ. `=LEN(A2)` ಎಂದು ಕೇಳಿದಾಗ 10ರ ಬದಲು 11 ಬಂದರೆ ಕಾಣದ ಚಿಹ್ನೆಯೊಂದು ಅಂಟಿಕೊಂಡಿದೆ ಎಂದೇ ಅರ್ಥ. ಮಳೆಯ ಅಳತೆ B ಕಾಲಂನಲ್ಲಿಯೇ ಇರಲಿ, ಕ್ರಮಸಂಖ್ಯೆಯ ಕಾಲಂ ಅನ್ನು G ಗೆ ಸರಿಸಿ, C ಕಾಲಂನಲ್ಲಿ ಹೀಗೆ ಬರೆಯಿರಿ:

```
=TRIM(SUBSTITUTE(SUBSTITUTE(SUBSTITUTE(A2,UNICHAR(160),""),"/","-"),".","-"))
```

ಇಲ್ಲಿನ `UNICHAR(160)` ಎಂಬುದು `TRIM`ಗೆ ಸಿಗದೆ ತಪ್ಪಿಸಿಕೊಳ್ಳುವ, ಸಾಲು ಮುರಿಯದಂತೆ ತಡೆಯುವ ಖಾಲಿ ಜಾಗ. ದಿನಾಂಕಗಳನ್ನು ಕನ್ನಡ ಅಂಕಿಗಳಲ್ಲಿ ತುಂಬಿದ್ದರೆ ಇದಕ್ಕೂ ಮೊದಲು ಹುಡುಕಿ ಬದಲಿಸುವ ಸೌಲಭ್ಯದಿಂದ ಹತ್ತೂ ಅಂಕಿಗಳನ್ನು ಬದಲಿಸಿಕೊಳ್ಳಿ. ಬಳಿಕ D ಕಾಲಂನಲ್ಲಿ ನಿಜವಾದ ದಿನಾಂಕವನ್ನು ಕಟ್ಟಬಹುದು:

```
=DATE(RIGHT(C2,4),
      MID(C2,FIND("-",C2)+1,FIND("-",C2,4)-FIND("-",C2)-1),
      LEFT(C2,FIND("-",C2)-1))
```

ಮೊದಲ ಅಡ್ಡಗೆರೆಯ ಎಡಕ್ಕಿರುವುದು ದಿನ, ಎರಡು ಅಡ್ಡಗೆರೆಗಳ ನಡುವಿನದು ತಿಂಗಳು, ಕೊನೆಯ ನಾಲ್ಕು ಅಂಕಿ ವರ್ಷ ಎಂದು ಈ ಸೂತ್ರ ಓದುತ್ತದೆ. ಆದ್ದರಿಂದ 05-06-2024 ಎಂದಿದ್ದರೂ 5-6-2024 ಎಂದಿದ್ದರೂ ಫಲಿತಾಂಶ ಒಂದೇ. ವರ್ಷವನ್ನು 24 ಎಂದು ಎರಡೇ ಅಂಕಿಯಲ್ಲಿ ಬರೆದ ಸಾಲುಗಳಲ್ಲಿ ಮಾತ್ರ ಇದು ಕೆಡುತ್ತದೆ. ಅಂಥ ಸಾಲುಗಳನ್ನು ಮೊದಲು ನಾಲ್ಕು ಅಂಕಿಗೆ ತಿದ್ದಿಕೊಳ್ಳಬೇಕು. ಸೂತ್ರದಲ್ಲಿ 4ರ ಬದಲು 2 ಎಂದು ಬರೆದರೆ ಎಕ್ಸೆಲ್ ಅದನ್ನು 1924 ಎಂದು ತಿಳಿಯುತ್ತದೆ.

D ಕಾಲಂನಲ್ಲಿ 45444ರಂತಹ ಸಂಖ್ಯೆಗಳು ಕಂಡರೆ ಗಾಬರಿಯಾಗಬೇಕಿಲ್ಲ, ಅದು ಜೂನ್ 1. ಈಗ ದಿನಾಂಕದ ಫಾರ್ಮ್ಯಾಟ್ ಹಾಕಿದರೆ ಅದು ಕೆಲಸ ಮಾಡುತ್ತದೆ.

## ಮೂರನೆಯ ಹಂತ: ಅರ್ಧ ದಿನಾಂಕ, ಅರ್ಧ ಪಠ್ಯ

ಈಗ 48ರ ಪ್ರಶ್ನೆಗೆ ಬರೋಣ. ಮೊಬೈಲಿನಲ್ಲಿ ತುಂಬಿದ ಲೆಕ್ಕವನ್ನು, ಕಾಲಂಗಳ ನಡುವೆ ಅಲ್ಪವಿರಾಮ ಇಟ್ಟ ಬರಿಯ ಪಠ್ಯವಾದ ಸಿಎಸ್‌ವಿ ಕಡತವಾಗಿ ಇಳಿಸಿ, ಕಂಪ್ಯೂಟರಿನಲ್ಲಿ ಎರಡು ಬಾರಿ ಕ್ಲಿಕ್ ಮಾಡಿ ತೆರೆದಿದ್ದಾರೆ ಎಂದುಕೊಳ್ಳಿ. ಆ ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗ್ `English (United States)` ಆಗಿದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ತೆರೆಯುವ ಹೊತ್ತಿನಲ್ಲಿ ಎಕ್ಸೆಲ್ ಪ್ರತಿಯೊಂದು ಸೆಲ್ ಅನ್ನೂ ದಿನಾಂಕವಾಗಿ ಓದಲು ನೋಡುತ್ತದೆ. 13-06-2024 ಎಂಬುದನ್ನು ಕಂಡಾಗ ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಅದನ್ನು ಪಠ್ಯವಾಗಿ ಬಿಟ್ಟುಬಿಡುತ್ತದೆ. ಆದರೆ 05-06-2024 ಎಂಬುದನ್ನು ಮೇ 6 ಎಂದು ಓದಿ, ಯಾವ ಎಚ್ಚರಿಕೆಯನ್ನೂ ಕೊಡದೆ, ಜೂನ್ 5ರ 45448ರ ಬದಲು 45418 ಎಂಬ ಸಂಖ್ಯೆಯನ್ನು ಒಳಗಿಟ್ಟುಕೊಳ್ಳುತ್ತದೆ.

ಹೀಗಾಗಿ ಪ್ರತಿ ತಿಂಗಳ ಮೊದಲ 12 ದಿನಗಳು, ನಾಲ್ಕು ತಿಂಗಳಿಗೆ 48 ಸೆಲ್‌ಗಳು, ದಿನಾಂಕಗಳಾಗುತ್ತವೆ. ಉಳಿದ 74 ಪಠ್ಯವಾಗಿ ಉಳಿಯುತ್ತವೆ. ವಿಪರ್ಯಾಸವೆಂದರೆ ಪಠ್ಯವಾಗಿ ಉಳಿದ 74 ಸಾಲುಗಳೇ ಸತ್ಯವನ್ನು ಹೇಳುತ್ತಿವೆ. ದಿನಾಂಕವಾದ 48ರಲ್ಲಿ ಜೂನ್ 6, ಜುಲೈ 7, ಆಗಸ್ಟ್ 8, ಸೆಪ್ಟೆಂಬರ್ 9 ಈ ನಾಲ್ಕು ಮಾತ್ರ ಅದೃಷ್ಟದಿಂದ ಸರಿ, ಉಳಿದ 44 ತಪ್ಪು. ಜೂನ್ 5 ಆ ಪರದೆಯಲ್ಲಿ 5/6/2024 ಎಂದು ಕಾಣುವುದರಿಂದ ನಮ್ಮ ಕಣ್ಣು ಅದನ್ನು ಜೂನ್ 5 ಎಂದೇ ಓದಿಕೊಳ್ಳುತ್ತದೆ, ಅನುಮಾನವೇ ಬರುವುದಿಲ್ಲ. ಒಂದೇ ಕಾಲಂನಲ್ಲಿ ಕೆಲವು ಕಡೆ ಓರೆಗೆರೆ, ಕೆಲವು ಕಡೆ ಅಡ್ಡಗೆರೆ ಕಂಡರೆ ಅದೇ ಕುರುಹು.

ಇನ್ನೊಂದು ಕುರುಹು ಕನಿಷ್ಠ ಮತ್ತು ಗರಿಷ್ಠ ದಿನಾಂಕಗಳಲ್ಲಿ ಸಿಗುತ್ತದೆ. `=MIN(A2:A123)` ಎಂದು ಕೇಳಿ ದಿನಾಂಕದ ಫಾರ್ಮ್ಯಾಟಿನಲ್ಲಿ ನೋಡಿದರೆ ಜನವರಿ 6 ಬರುತ್ತದೆ, `=MAX(A2:A123)` ಎಂದರೆ ಡಿಸೆಂಬರ್ 9. ಜೂನ್ ಒಂದರಂದು ಬಿದ್ದ ಮಳೆ ಜನವರಿಗೆ ಹೋಗಿ ಕುಳಿತಿದೆ. ಶಿರಸಿಯಲ್ಲಿ ಅಡಕೆ ಒಣಗಿಸುವ ಹೊತ್ತಿನಲ್ಲಿ ಮಳೆಗಾಲದ ಮಳೆ ಸುರಿದಂತೆ ಗ್ರಾಫ್ ತೋರಿಸಿದರೆ ಇಲ್ಲಿನವರು ಯಾರೂ ನಂಬುವುದಿಲ್ಲ, ಇದೊಂದು ಅನುಕೂಲ. ಮೀನಿನ ದರವನ್ನೋ ವಿದ್ಯುತ್ ಬಳಕೆಯನ್ನೋ ಹೀಗೆ ಕೆಡಿಸಿಕೊಂಡರೆ ಇಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ.

ಈ ಸ್ಥಿತಿಯಲ್ಲಿ ಶೀಟಿನೊಳಗೆ ತೇಪೆ ಹಾಕುವುದಕ್ಕಿಂತ ಮೂಲ ಸಿಎಸ್‌ವಿಗೆ ಮರಳುವುದು ಸರಿ. ಕಡತವನ್ನು ಎರಡು ಬಾರಿ ಕ್ಲಿಕ್ ಮಾಡಿ ತೆರೆಯದೆ, ಲಿಬ್ರೆಆಫೀಸ್ ಆದರೆ ತೆರೆಯುವಾಗ ಬರುವ ಆಮದು ಪರದೆಯಲ್ಲಿ ದಿನಾಂಕದ ಕಾಲಂ ಮೇಲೆ ಒತ್ತಿ `Date (DMY)` ಆಯ್ದುಕೊಳ್ಳಿ. ಎಕ್ಸೆಲ್‌ನಲ್ಲಿ `Data` ಪಟ್ಟಿಯ `From Text/CSV` ಮೂಲಕ ತಂದು, ದಿನಾಂಕದ ಕಾಲಂ ಅನ್ನು ಪಠ್ಯವೆಂದೇ ಒಳಗೆ ಬಿಟ್ಟುಕೊಂಡು, ಎರಡನೆಯ ಹಂತದ ಸೂತ್ರಗಳನ್ನು ಹಾಕಬಹುದು. ಗೂಗಲ್ ಶೀಟ್ಸ್‌ನಲ್ಲಿ ಆಮದಿಗೆ ಮೊದಲು `File` ಪಟ್ಟಿಯ `Settings` ತೆರೆದು `Locale` ಅನ್ನು `India` ಮಾಡಿಕೊಳ್ಳಿ.

ಮೂಲ ಕಡತ ಕೈತಪ್ಪಿಹೋಗಿದ್ದರೆ, ಪಠ್ಯವಾಗಿ ಉಳಿದ ಸಾಲುಗಳಿಗೆ ಎರಡನೆಯ ಹಂತದ ಸೂತ್ರಗಳನ್ನೇ ಹಾಕಿ; ದಿನಾಂಕವಾಗಿ ಬದಲಾದ ಸೆಲ್‌ಗಳಲ್ಲಿ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡುವ ಸೂತ್ರ ಇದು:

```
=IF(ISNUMBER(A2),DATE(YEAR(A2),DAY(A2),MONTH(A2)),"")
```

ಇದಕ್ಕೆ ಒಂದು ಕಡ್ಡಾಯ ಷರತ್ತಿದೆ. ದಿನಾಂಕವಾಗಿರುವ ಪ್ರತಿಯೊಂದು ಸೆಲ್ ಕೂಡ ಇದೇ ರೀತಿ ತಿರುಗಿರಬೇಕು. ಅವುಗಳಲ್ಲಿ ಒಂದರಲ್ಲಾದರೂ ದಿನದ ಅಂಕಿ 12ಕ್ಕಿಂತ ದೊಡ್ಡದಾಗಿದ್ದರೆ, ಅದನ್ನು ಯಾರೋ ನೇರವಾಗಿ ಸರಿಯಾದ ದಿನಾಂಕವಾಗಿಯೇ ತುಂಬಿದ್ದಾರೆ ಎಂದರ್ಥ. ಆಗ ಎಲ್ಲದಕ್ಕೂ ಈ ಸೂತ್ರ ಎಳೆದರೆ ಸರಿಯಾಗಿದ್ದದ್ದೂ ಕೆಡುತ್ತದೆ.

## ನಾಲ್ಕನೆಯ ಹಂತ: ಪರೀಕ್ಷೆ

`DATE` ಎಂಬ ಸೂತ್ರ ಅತಿ ಉದಾರಿ, ಇಲ್ಲದ ದಿನಾಂಕವನ್ನು ಕೊಟ್ಟರೂ ದೋಷವೆಂದು ಹೇಳದೆ ಮುಂದಕ್ಕೆ ಎಣಿಸಿಕೊಂಡು ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಯಾರೋ 31-06-2024 ಎಂದು ತುಂಬಿದ್ದಾರೆ ಎನ್ನೋಣ. ಜೂನ್‌ಗೆ 31 ಇಲ್ಲದಿದ್ದರೂ ಸೂತ್ರ ಸದ್ದಿಲ್ಲದೆ ಜುಲೈ 1 ಎಂದು ಉತ್ತರಿಸುತ್ತದೆ, ಆ ಸಾಲಿನ ಮಳೆ ಜುಲೈ 1ರ ಮಳೆಯ ಮೇಲೆ ಸೇರಿಕೊಳ್ಳುತ್ತದೆ. ಇದನ್ನು ಹಿಡಿಯಲು ಕಟ್ಟಿದ ದಿನಾಂಕದ ದಿನವೂ ಪಠ್ಯದಲ್ಲಿದ್ದ ದಿನವೂ ಒಂದೇ ಆಗಿವೆಯೇ ಎಂದು E ಕಾಲಂನಲ್ಲಿ ಕೇಳಬೇಕು:

```
=DAY(D2)=VALUE(LEFT(C2,FIND("-",C2)-1))
```

`FALSE` ಬಂದ ಸಾಲನ್ನು ಊಹೆಯಿಂದ ತಿದ್ದದೆ ಪುಸ್ತಕವನ್ನು ತೆರೆದು ನೋಡಿ. ತಿಂಗಳನ್ನು 13 ಎಂದು ತಪ್ಪಿ ಬರೆದ ಸಾಲು ಈ ಪರೀಕ್ಷೆಯಲ್ಲಿ ಪಾರಾಗುತ್ತದೆ, ಆದರೆ ಅದು ಮುಂದಿನ ವರ್ಷದ ಜನವರಿಗೆ ಜಿಗಿಯುವುದರಿಂದ `MAX` ಅದನ್ನು ತೋರಿಸಿಕೊಡುತ್ತದೆ.

ಇದಕ್ಕಿಂತ ಬಲವಾದದ್ದು ನೆರೆಹೊರೆಯ ಪರೀಕ್ಷೆ. ಪುಸ್ತಕದ ಕ್ರಮದಲ್ಲಿಯೇ ಸಾಲುಗಳು ಇರುವುದರಿಂದ, F3ರಲ್ಲಿ `=D3-D2` ಎಂದು ಬರೆದು ಕೆಳಗೆ ಎಳೆದರೆ ಎಲ್ಲ ಕಡೆಯೂ 1 ಬರಬೇಕು. 0 ಬಂದರೆ ಒಂದೇ ದಿನ ಎರಡು ಬಾರಿ ಬಂದಿದೆ, 2 ಬಂದರೆ ಒಂದು ದಿನ ಬಿಟ್ಟುಹೋಗಿದೆ. 30ರ ಆಸುಪಾಸಿನ ಸಂಖ್ಯೆಯೋ ಋಣ ಸಂಖ್ಯೆಯೋ ಬಂದರೆ ದಿನ ಮತ್ತು ತಿಂಗಳು ಎಲ್ಲೋ ತಿರುಗಿವೆ. ಹಲವರು ಬೇರೆ ಬೇರೆ ರೀತಿಯಲ್ಲಿ ತುಂಬಿದ ಶೀಟಿನಲ್ಲಿ 05-06 ಎಂದರೆ ಜೂನ್ 5 ಅಥವಾ ಮೇ 6 ಎಂದು ಹೇಳಬಲ್ಲ ಸಾಕ್ಷಿ ಇದೊಂದೇ.

ಕೊನೆಗೆ ಎಲ್ಲರಿಗೂ ಗೊತ್ತಿರುವ ಒಂದು ದಿನವನ್ನು ಹಿಡಿದು ನೋಡಿ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು 2024ರ ಜುಲೈ 16ರಂದು, ಭಾರಿ ಮಳೆಯ ನಡುವೆ. ನಿಮ್ಮ ಪುಸ್ತಕದಲ್ಲಿ ಆ ದಿನದ ಎದುರು ಬರೆದಿರುವ ಮಳೆಯೂ ಗ್ರಾಫಿನಲ್ಲಿ ಆ ಜಾಗದಲ್ಲಿರುವ ಎತ್ತರವೂ ಹೊಂದಬೇಕು.

## ಐದನೆಯ ಹಂತ: ಅಕ್ಷ

ಗ್ರಾಫನ್ನು ಈಗ D ಕಾಲಂನಿಂದ ಹೊಸದಾಗಿ ಮಾಡಿ. ಎಕ್ಸೆಲ್‌ನಲ್ಲಿ ಅಡ್ಡ ಅಕ್ಷದ ಮೇಲೆ ಬಲ ಗುಂಡಿ ಒತ್ತಿ `Format Axis` ತೆರೆದು `Axis Type` ಎಂಬಲ್ಲಿ `Date axis` ಇದೆಯೇ ಎಂದು ನೋಡಬೇಕು. ಅದು `Text axis` ಆಗಿ ಉಳಿದಿದ್ದರೆ ಕ್ರಮ ಸರಿಯಾದರೂ ಅಂತರ ಸರಿಯಾಗುವುದಿಲ್ಲ: ಮನೆಯವರು ನಾಲ್ಕು ದಿನ ಮದುವೆಗೆ ಹೋಗಿ ಅಳತೆ ತಪ್ಪಿದ್ದರೂ ಹಿಂದಿನ ದಿನವೂ ಮುಂದಿನ ದಿನವೂ ಅಂಟಿಕೊಂಡೇ ನಿಲ್ಲುತ್ತವೆ. `Date axis` ಆಯ್ದಾಗ 1900ರ ಜನವರಿಯ ದಿನಾಂಕಗಳು ಕಂಡರೆ ಗ್ರಾಫ್ ಇನ್ನೂ ಹಳೆಯ ಪಠ್ಯದ ಕಾಲಂ ಅನ್ನೇ ಓದುತ್ತಿದೆ.

ಮಳೆಗೆ ಗೆರೆಗಿಂತ ಕಂಬಗಳ ಗ್ರಾಫ್ ಮೇಲು, ಏಕೆಂದರೆ ಪ್ರತಿ ದಿನದ ಮಳೆಯೂ ತನ್ನಷ್ಟಕ್ಕೆ ಒಂದು ಮೊತ್ತ. ಆದರೆ ಸಮಯದ ಅಕ್ಷ ಸರಿಯಾದ ಮೇಲೆ ಒಂದು ಹೊಸ ತೊಂದರೆ ಎದುರಾಗುತ್ತದೆ. ಅಳತೆ ಇಲ್ಲದ ನಾಲ್ಕು ದಿನಗಳ ಜಾಗ ಈಗ ಖಾಲಿಯಾಗಿ ಕಾಣುತ್ತದೆ, ನೋಡಿದವರು ಅದನ್ನು ಹೊಳವಾದ ದಿನಗಳೆಂದು ತಿಳಿಯಬಹುದು. ಮಳೆ ಬಾರದ ದಿನಕ್ಕೆ 0 ಎಂದೂ ಅಳೆಯದ ದಿನಕ್ಕೆ ಖಾಲಿ ಸೆಲ್ ಮತ್ತು ಪಕ್ಕದಲ್ಲಿ ‘ಅಳೆದಿಲ್ಲ’ ಎಂದೂ ಬರೆದಿಡುವುದು ಅಗತ್ಯ. F ಕಾಲಂನಲ್ಲಿ 1ಕ್ಕಿಂತ ದೊಡ್ಡ ಸಂಖ್ಯೆ ಬಂದ ಜಾಗಗಳೇ ಇವು.

ಹವಾಮಾನ ಇಲಾಖೆಯ ಅಂಕಿಗಳೊಂದಿಗೆ ಹೋಲಿಸುವವರು ಇನ್ನೊಂದನ್ನು ನೆನಪಿಡಬೇಕು. ಇಲಾಖೆಯ ದಿನದ ಮಳೆ ಎಂದರೆ ಆ ದಿನ ಬೆಳಿಗ್ಗೆ 8.30ಕ್ಕೆ ಕೊನೆಯಾಗುವ 24 ಗಂಟೆಗಳ ಮಳೆ. ಮನೆಯ ಪುಸ್ತಕದಲ್ಲಿ ಬೆಳಿಗ್ಗೆ ಅಳೆದದ್ದನ್ನು ‘ನಿನ್ನೆಯ ಮಳೆ’ ಎಂದು ಹಿಂದಿನ ತಾರೀಖಿಗೆ ಬರೆಯುವ ರೂಢಿಯಿದ್ದರೆ ಎರಡು ಗ್ರಾಫ್‌ಗಳು ನಿಯಮಿತವಾಗಿ ಒಂದು ದಿನ ಸರಿದು ಕಾಣುತ್ತವೆ. ಅದು ಪಠ್ಯದ ದೋಷವಲ್ಲ, ಸೂತ್ರಗಳಿಂದ ಹುಡುಕಬೇಡಿ.

## ಮುಂದಿನ ಮಳೆಗಾಲಕ್ಕೆ

ಹೊಸ ಶೀಟಿನಲ್ಲಿ ದಿನಾಂಕದ ಕಾಲಂಗೆ `Data Validation` ಹಾಕಿ, ದಿನಾಂಕವನ್ನು ಮಾತ್ರ, ಅದರಲ್ಲಿಯೂ ಆ ವರ್ಷದ ಜೂನ್ 1ರಿಂದ ಸೆಪ್ಟೆಂಬರ್ 30ರೊಳಗಿನದನ್ನು ಮಾತ್ರ ಒಪ್ಪುವಂತೆ ಮಾಡಬಹುದು. ಅಂಟಿಸಿದ ದಿನಾಂಕಗಳಿಗೆ ಈ ಕಾವಲು ಅನ್ವಯಿಸುವುದಿಲ್ಲ, ಕೈಯಿಂದ ತುಂಬಿದವುಗಳಿಗೆ ಮಾತ್ರ. ಕಡತವನ್ನು ಒಬ್ಬರಿಂದ ಒಬ್ಬರಿಗೆ ಸಿಎಸ್‌ವಿಯಾಗಿ ಕಳಿಸುವುದಿದ್ದರೆ ದಿನಾಂಕವನ್ನು 2024-06-05 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ, ಸೊನ್ನೆಗಳನ್ನು ಬಿಡದೆ ಬರೆಯಿರಿ. ಈ ರೂಪದಲ್ಲಿ ಅಕಾರಾದಿ ಕ್ರಮವೂ ಕಾಲಕ್ರಮವೂ ಒಂದೇ ಆಗಿರುವುದರಿಂದ, ಪಠ್ಯವಾಗಿ ಉಳಿದರೂ ಸಾಲುಗಳು ಚೆದುರುವುದಿಲ್ಲ. 2024-6-5 ಎಂದು ಸೊನ್ನೆ ಬಿಟ್ಟರೆ ಅಕ್ಟೋಬರ್ ಬಂದು ಜೂನ್‌ಗಿಂತ ಮೊದಲೇ ನಿಲ್ಲುತ್ತದೆ.

ಪೈಥಾನ್ ಬಳಸುವವರು ಪಂಡಾಸ್‌ಗೆ ರೂಪವನ್ನು ಹೇಳಿಯೇ ಕೊಡಬೇಕು, ಹೇಳದಿದ್ದರೆ ಅದೂ ತಿಂಗಳು ಮೊದಲೆಂದೇ ಭಾವಿಸುತ್ತದೆ. ಫಲಿತಾಂಶವನ್ನು ಹೊಸ ಕಾಲಂನಲ್ಲಿ ಇಟ್ಟರೆ ಓದಲಾಗದ ಸಾಲುಗಳ ಮೂಲ ಪಠ್ಯ ಕಾಣಸಿಗುತ್ತದೆ. 31-06-2024 ಇಲ್ಲಿ ಜುಲೈಗೆ ಜಾರುವುದಿಲ್ಲ, ಎರಡನೆಯ ಸಾಲಿನ ಉತ್ತರದಲ್ಲಿ ಹೆಸರು ಹಿಡಿದು ಬರುತ್ತದೆ:

```
df["d"] = pd.to_datetime(df["date"], format="%d-%m-%Y", errors="coerce")
print(df.loc[df["d"].isna(), "date"])
```